ದಿನಕ್ಕೆ ಎಷ್ಟು ನೀರು ಹೋಗಬೇಕು?

ಚಿಕ್ಕಮಗಳೂರಿನಲ್ಲಿ ಕಾಫಿ ಡ್ರೈಯರ್ ಮಾಡುವ ಒಂದು ಸಣ್ಣ ಕಂಪನಿಗೆ ನಾನು ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ಗಿರಾಕಿಗಳು ದೊಡ್ಡ ತೋಟದವರು, ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನವರು. ಡ್ರೈಯರ್ ಅಂದರೆ ಅಂಗಡಿಗೆ ಹೋಗಿ ತಂದುಬಿಡುವ ಸಾಮಾನಲ್ಲ. ಶೆಡ್ ಬೇಕು, ತ್ರೀ ಫೇಸ್ ಕರೆಂಟ್ ಬೇಕು, ಮನೆಯಲ್ಲಿ ಅಣ್ಣತಮ್ಮಂದಿರು ಒಪ್ಪಬೇಕು. ಮೊದಲ ಫೋನ್ ಬಂದ ಮೇಲೆ ಆರ್ಡರ್ ಆಗುವಷ್ಟರಲ್ಲಿ ಒಂದು ಕೊಯ್ಲೇ ಮುಗಿದಿರುತ್ತದೆ.

ಮೊದಲ ವರ್ಷ 'ಡ್ರೈಯರ್‌ನ ಲಾಭಗಳು' ತರಹದ ಲೇಖನ ಬರೆದೆ. ಓದುವ ಮೊದಲೇ ಫೋನ್ ನಂಬರ್ ಕೇಳುವ ಫಾರ್ಮ್ ಇಟ್ಟೆ. ನಂಬರ್‌ಗಳು ಬಂದವು, ಅರ್ಧಕ್ಕರ್ಧ ಸುಳ್ಳು. ನಿಜವಾದವರಲ್ಲಿ ಒಬ್ಬರು ಕಾಫಿ ಪುಡಿ ರೇಟು ಕೇಳಿದರು, ಇನ್ನೊಬ್ಬರು ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿ. ನಮ್ಮ ಸೇಲ್ಸ್ ಹುಡುಗ ಒಂದು ದಿನ ಬಂದು, "ಸಾರ್, ನಿಮ್ಮ ಲಿಸ್ಟ್ ಹಿಡ್ಕೊಂಡು ಕೂತ್ರೆ ನನ್ನ ಪೆಟ್ರೋಲ್ ಕಾಸೂ ಹುಟ್ಟಲ್ಲ" ಅಂದ. ಅವನು ಹೇಳಿದ್ದು ಸರಿಯಾಗೇ ಇತ್ತು.

ಆಗ ಹಳೆಯ ಆರ್ಡರ್‌ಗಳನ್ನು ತೆಗೆದು ನೋಡಿದೆ. ಕೊಂಡವರೆಲ್ಲ ಮೊದಲ ಮಾತಿನಲ್ಲೇ ಏನಾದರೂ ಒಂದು ಲೆಕ್ಕ ಹೇಳಿದ್ದರು. "ನಮ್ಮಲ್ಲಿ ದಿನಕ್ಕೆ ಇಷ್ಟು ಹಣ್ಣು ಬರುತ್ತೆ, ಕಣ ಇಷ್ಟೇ ಇದೆ" ಅಂತ. ಹಾಗಾದರೆ ಲೆಕ್ಕ ಹಾಕಿಸುವಂಥ ಲೇಖನವನ್ನೇ ಬರೆಯೋಣ ಅನ್ನಿಸಿತು.

ಬರೆದದ್ದು ಇಷ್ಟೇ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ನೀರು ಸೋರಿಸಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್, 1000 ಕೆಜಿ ಇದೆ, ತೇವಾಂಶ 50% ಅಂತ ಇಟ್ಟುಕೊಳ್ಳಿ. ನೀರು ಬಿಟ್ಟು ಉಳಿಯುವುದು 500 ಕೆಜಿ. ಅದನ್ನು 11%ಕ್ಕೆ ಒಣಗಿಸಿದರೆ 500 ಭಾಗಿಸು 0.89, ಅಂದರೆ ಸುಮಾರು 562 ಕೆಜಿ ಸಿಗುತ್ತದೆ. ಹೆಚ್ಚುಕಡಿಮೆ 438 ಕೆಜಿ ನೀರು ಆಚೆ ಹೋಗಬೇಕು. ನಿಮ್ಮ ಕಣದಿಂದ ದಿನಕ್ಕೆ ಎಷ್ಟು ಹೋಗುತ್ತಿದೆ? ಮೋಡ ಮುಚ್ಚಿದ ದಿನ ಎಷ್ಟು? ನಮ್ಮ ಮೆಷಿನ್ ಹೆಸರು ಲೇಖನದ ಕೊನೆಯಲ್ಲಿ ಒಂದೇ ಸಲ ಬಂತು. ಓದಲು ಫಾರ್ಮ್ ಇಲ್ಲ. ತಮ್ಮದೇ ಅಂಕಿ ಹಾಕಿ ನೋಡುವ ಶೀಟ್ ಬೇಕಾದವರು ಮಾತ್ರ ನಂಬರ್ ಕೊಡಬೇಕಿತ್ತು.

ಫೋನ್‌ಗಳು ಕಡಿಮೆಯಾದವು. ಬಾಸ್ ಮುಖವೂ ಸ್ವಲ್ಪ ಸಪ್ಪಗಾಯಿತು. ಆದರೆ ಬಂದವರು ಅಂಕಿ ಹಿಡಿದುಕೊಂಡೇ ಬರುತ್ತಿದ್ದರು.

ಡ್ರೈಯರ್ ಕೊಂಡವರ ಅನುಭವ ಟಿಪ್ಪಣಿಗೆ ಮೂಡಿಗೆರೆ ಕಡೆಯ ಒಂದು ತೋಟ ಸಿಕ್ಕಿತು. ಯಜಮಾನರು, "ಕಟ್ಟಿಗೆ ಲೆಕ್ಕ ಎಲ್ಲಾ ಹಾಕಿ, ಹೆಸರು ಮಾತ್ರ ಬೇಡ" ಅಂದರು. ಹೆಸರು ತೆಗೆದರೆ ಸಾಲದು. ಎಕರೆ, ಊರು, ಬಂಗಲೆಯ ಫೋಟೋ ಇದ್ದರೆ ಮಲೆನಾಡಿನಲ್ಲಿ ಯಾರ ತೋಟ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅದನ್ನೆಲ್ಲ ತೆಗೆದು, ಅವರಿಗೆ ಓದಿ ಹೇಳಿ, ಆಮೇಲೆ ಹಾಕಿದೆವು.

ಅಲ್ಲಿ ಮೊದಲ ವಾರ ಎಡವಟ್ಟಾಗಿತ್ತು. ಬೇಗ ಮುಗಿಸೋಣ ಅಂತ ಆಳುಗಳು ಬಿಸಿ ಜಾಸ್ತಿ ಮಾಡಿದ್ದರು. ಕಾಳು ಹೊರಗೆ ಒಣಗಿದ ಹಾಗೆ ಕಂಡಿತು. ಮೂಟೆ ಕಟ್ಟಿ ಎರಡು ದಿನ ಬಿಟ್ಟು ಮೀಟರ್ ಹಿಡಿದರೆ ತೇವಾಂಶ ಮತ್ತೆ ಏರಿತ್ತು, ಒಳಗಿನ ನೀರು ಹೊರಬಂದಿತ್ತು. ಇದನ್ನು ಬರೆಯಬೇಡಿ ಅಂತ ಆಫೀಸಿನಲ್ಲಿ ಜಗಳವೇ ಆಯಿತು. ಬರೆದೆ. ಅತಿ ಒಳ್ಳೆಯ ಪ್ರಶ್ನೆಗಳು ಬಂದದ್ದು ಆ ಒಂದು ಪ್ಯಾರಾದಿಂದಲೇ. ಕಣದಲ್ಲಿ ನಿಂತು ಕೆಲಸ ಮಾಡಿಸುವವರಿಗೆ ಮಾತ್ರ ಹೊಳೆಯುವ ಪ್ರಶ್ನೆಗಳು ಅವು.

ವೆಬಿನಾರ್‌ನಲ್ಲಿ ನನ್ನ ಮೊದಲ ತಪ್ಪು ತಿಂಗಳದ್ದು. ಜನವರಿಯಲ್ಲಿ ಇಟ್ಟೆ. ಕೊಯ್ಲಿನ ಹೊತ್ತಲ್ಲಿ ಪ್ಲಾಂಟರ್‌ಗಳು ಮೊಬೈಲ್ ಮುಂದೆ ಕೂರುತ್ತಾರಾ? ಒಂಬತ್ತು ಜನ ಬಂದರು, ಅದರಲ್ಲಿ ಇಬ್ಬರು ನಮ್ಮವರೇ. ಎರಡನೆಯದನ್ನು ಆಗಸ್ಟ್‌ಗೆ ಇಟ್ಟೆವು. ಮುಂದಿನ ಕೊಯ್ಲಿಗೆ ಶೆಡ್ ಏಳಬೇಕಾದರೆ ಆಗಲೇ ಯೋಚನೆ ಶುರುವಾಗಬೇಕು, ಮಳೆ ಅಂತ ಎಲ್ಲರೂ ಮನೆಯಲ್ಲೇ ಇರುತ್ತಾರೆ. ಅದೇ ಮಳೆಗೆ ಕರೆಂಟೂ ಹೋಯಿತು, ನೆಟ್‌ವರ್ಕೂ ಹೋಯಿತು. ರೆಕಾರ್ಡಿಂಗ್ ಅನ್ನು ತುಂಡು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆವು. ಆ ದಿನ ಕೂತು ಕೇಳಿದವರಿಗಿಂತ ಆಮೇಲೆ ಆ ತುಂಡುಗಳನ್ನು ಕೇಳಿ ಫೋನ್ ಮಾಡಿದವರೇ ಜಾಸ್ತಿ.

ಮಾತಾಡಲು ನಮ್ಮ ಎಂಜಿನಿಯರ್ ಬದಲು ಬೇರೊಂದು ತೋಟದ ಲೆಕ್ಕಪತ್ರ ನೋಡುವ ರೈಟರನ್ನೇ ಕೂರಿಸಿದ್ದೆವು. ಹೆಸರು ಸೇರಿಸುವಾಗ ಮೂರೇ ಪ್ರಶ್ನೆ: ಒಂದು ಸೀಸನ್‌ಗೆ ಎಷ್ಟು ಮೂಟೆ ಒಣಗಿಸುತ್ತೀರಿ, ಈಗ ಎಲ್ಲಿ ಒಣಗಿಸುತ್ತೀರಿ, ತ್ರೀ ಫೇಸ್ ಇದೆಯಾ. ಮೂರಕ್ಕೂ ಉತ್ತರ ಕೊಟ್ಟವರಿಗೆ ಸೇಲ್ಸ್‌ನವರು ಎರಡು ದಿನದೊಳಗೆ ಫೋನ್ ಮಾಡಬೇಕು. ಉಳಿದವರಿಗೆ ಮುಂದಿನ ಲೇಖನ ಕಳಿಸುತ್ತೇನೆ, ಅಷ್ಟೇ. ಅವರನ್ನು ಸುಮ್ನೆ ಫೋನ್ ಮಾಡಿ ಪೀಡಿಸುವುದಿಲ್ಲ.

ಯಾವ ಬರಹದಿಂದ ಯಾವ ಆರ್ಡರ್ ಬಂತು ಅನ್ನುವುದು ಮಾತ್ರ ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ. ಹಾಸನದ ಕ್ಯೂರಿಂಗ್ ವರ್ಕ್ಸ್ ಒಂದರ ಯಜಮಾನರು ಆರ್ಡರ್ ಕೊಟ್ಟರು. ಹೇಗೆ ಗೊತ್ತಾಯಿತು ಅಂತ ಕೇಳಿದರೆ "ನೆಂಟರು ಹೇಳಿದ್ರು" ಅಂದರು. ಟೀ ಕುಡಿಯುವಾಗ ಅವರ ಮಗ ಮೊಬೈಲ್ ತೆಗೆದು ನಮ್ಮ ಶೀಟ್ ತೋರಿಸಿದ. ಅವರ ಮೂಟೆಗಳ ಲೆಕ್ಕವನ್ನೆಲ್ಲ ಆಗಲೇ ಅದರಲ್ಲಿ ತುಂಬಿಸಿದ್ದ.