ನಾನು ಫಾಂಟ್ ಕುಟುಂಬ ಗುರುತಿಸುವುದು ಹೀಗೆ

ಹೊಸ ಫಾಂಟ್ ಕಣ್ಣಿಗೆ ಬಿದ್ದರೆ ಅದು ಸೆರಿಫ್, ಸ್ಯಾನ್ಸ್ ಸೆರಿಫ್, ಸ್ಲ್ಯಾಬ್, ಸ್ಕ್ರಿಪ್ಟ್ ಎಂಬ ಕುಟುಂಬಗಳಲ್ಲಿ ಯಾವುದಕ್ಕೆ ಸೇರಿದ್ದು ಅಂತ ತಿಳಿಯಲು ನಾನು ಮೊದಲು ಹೆಸರು ನೋಡುವುದಿಲ್ಲ. Inno ಎಂದು ಟೈಪ್ ಮಾಡಿ, ಅಳತೆಯನ್ನು 150 ಪಾಯಿಂಟ್‌ಗೆ ಏರಿಸುತ್ತೇನೆ. (ಇಲ್ಲಿ ಹೇಳುತ್ತಿರುವುದೆಲ್ಲ ಇಂಗ್ಲಿಷ್ ಅಕ್ಷರಗಳ ಮಾತು.) ಆಮೇಲೆ ಎರಡೇ ಕಡೆ ಕಣ್ಣು. n ಕಾಲಿನ ತುದಿಯಲ್ಲಿ ಅಡ್ಡಗೆರೆ ಇದೆಯಾ? o ಸುತ್ತ ಗೆರೆಯ ದಪ್ಪ ಒಂದೇ ಥರ ಇದೆಯಾ?

ಜಾರ್ಜಿಯಾ ಫಾಂಟಿನಲ್ಲಿ ಹೀಗೆ ಮಾಡಿ ನೋಡಿ. n ಕಾಲಿನ ಕೆಳಗೆ ಎರಡೂ ಬದಿಗೆ ಚಾಚಿದ ಸಣ್ಣ ಅಡ್ಡಗೆರೆ ಕಾಣುತ್ತದೆ. ಅದು ಕಾಲಿಗೆ ಸೇರುವ ಕಡೆ ಮೂಲೆ ಇಲ್ಲ, ಮೆತ್ತನೆಯ ತಿರುವು ಇದೆ. o ಎಡಬಲಕ್ಕೆ ದಪ್ಪ, ಮೇಲೆ ಕೆಳಗೆ ತೆಳು. ಇದು ಸೆರಿಫ್.

ಈಗ ವರ್ಡಾನಾ ಹಾಕಿ. n ಕಾಲು ನೇರವಾಗಿ ಕತ್ತರಿಸಿದಂತೆ ಮುಗಿಯುತ್ತದೆ. o ದಪ್ಪ ಸುತ್ತಲೂ ಹೆಚ್ಚುಕಡಿಮೆ ಒಂದೇ. ಇದು ಸ್ಯಾನ್ಸ್ ಸೆರಿಫ್. ಆದರೆ ಅದೇ ಫಾಂಟಿನ I ನೋಡಿದರೆ ಮೇಲೂ ಕೆಳಗೂ ಅಡ್ಡಗೆರೆ ಇದೆ! ಪರದೆಯ ಮೇಲೆ ದೊಡ್ಡ I ಮತ್ತು ಚಿಕ್ಕ l ಒಂದೇ ಥರ ಕಾಣಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಒಂದೇ ಅಕ್ಷರ ನೋಡಿ ತೀರ್ಮಾನಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. n ಹೇಳುವುದನ್ನೇ ನಂಬಿ.

ನಿಜವಾಗಿ ಕಷ್ಟ ಬರುವುದು ಸೆರಿಫ್ ಮತ್ತು ಸ್ಲ್ಯಾಬ್ ನಡುವೆ. ಸ್ಲ್ಯಾಬ್ ಅಂದರೆ ಅಡ್ಡಗೆರೆ ಹೆಚ್ಚುಕಡಿಮೆ ಕಾಲಿನಷ್ಟೇ ಗಟ್ಟಿಯಾಗಿರುವ ಫಾಂಟ್. ಎರಡಕ್ಕೂ ಅಡ್ಡಗೆರೆ ಇದೆಯಲ್ಲ. ಅಡ್ಡಗೆರೆ ಮೆತ್ತಗೆ ಬಾಗಿ ಸೇರಿದರೆ ಸೆರಿಫ್, ಚೌಕವಾಗಿ ಸೇರಿದರೆ ಸ್ಲ್ಯಾಬ್ ಅಂತ ಎಷ್ಟೋ ಜನ ಹೇಳುತ್ತಾರೆ. ರಾಕ್‌ವೆಲ್‌ಗೆ ಈ ಮಾತು ಸರಿ. ಆದರೆ ಬೊಡೊನಿಯಲ್ಲಿ ಅಡ್ಡಗೆರೆ ಚೌಕವಾಗಿಯೇ ಸೇರುತ್ತದೆ, ಅದು ಸ್ಲ್ಯಾಬ್ ಅಲ್ಲ. 1845ರ ಕ್ಲಾರೆಂಡನ್‌ನಲ್ಲಿ ಬಾಗಿ ಸೇರುತ್ತದೆ, ಅದು ಸ್ಲ್ಯಾಬ್. ಹಾಗಾಗಿ ನಾನು ಸೇರುವ ಮೂಲೆಯನ್ನು ಬಿಟ್ಟು ಅಡ್ಡಗೆರೆಯ ತುದಿಯ ದಪ್ಪ ನೋಡುತ್ತೇನೆ. ಪಕ್ಕದ ಕಾಲಿಗೆ ಹೋಲಿಸಿದರೆ ಬೊಡೊನಿಯ ಅಡ್ಡಗೆರೆ ಕೂದಲೆಳೆ. ಕ್ಲಾರೆಂಡನ್‌ನದು ತುದಿಯವರೆಗೂ ಗಟ್ಟಿ. ರಾಕ್‌ವೆಲ್‌ನಲ್ಲಂತೂ ಕಾಲು, ಅಡ್ಡಗೆರೆ, o ಸುತ್ತು ಎಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪ. ಟೈಪ್‌ರೈಟರ್ ಅಕ್ಷರದಂಥ ಕೊರಿಯರ್ ಗೆರೆ ತೆಳುವಾಗಿದ್ದರೂ ಸ್ಲ್ಯಾಬ್ ಆಗುವುದು ಇದೇ ಕಾರಣಕ್ಕೆ: ಅಲ್ಲಿ ಕಾಲೂ ತೆಳು, ಅಡ್ಡಗೆರೆಯೂ ಅಷ್ಟೇ ತೆಳು. ಅಕ್ಷರ ಎಷ್ಟು ದಪ್ಪ ಅನ್ನುವುದು ಲೆಕ್ಕಕ್ಕಿಲ್ಲ, ಒಂದಕ್ಕೊಂದು ಹೇಗಿದೆ ಅನ್ನುವುದೇ ಮುಖ್ಯ.

ಸ್ಕ್ರಿಪ್ಟ್ ಸುಲಭ. ಅದು ಕೈಬರಹದ ಥರ ಇರುತ್ತದೆ. ಆದರೆ ಓರೆಯಾಗಿರುವುದೆಲ್ಲ ಸ್ಕ್ರಿಪ್ಟ್ ಅಲ್ಲ, ಜಾರ್ಜಿಯಾದ ಇಟಾಲಿಕ್ ಸೆರಿಫ್ ಕುಟುಂಬದ್ದೇ. ಅನುಮಾನ ಬಂದರೆ nn ನೋಡಿ. ಬ್ರಷ್ ಸ್ಕ್ರಿಪ್ಟ್‌ನಲ್ಲಿ ಒಂದು ಅಕ್ಷರದ ಬಾಲ ಮುಂದಿನದಕ್ಕೆ ತಾಗಿಕೊಳ್ಳುತ್ತದೆ. ಎಲ್ಲ ಸ್ಕ್ರಿಪ್ಟ್‌ಗಳೂ ಹೀಗೆ ಕೂಡಿಕೊಳ್ಳುವುದಿಲ್ಲ, ಆದರೆ ಕೂಡಿಕೊಂಡರೆ ಅನುಮಾನವೇ ಬೇಡ.

ಇಷ್ಟು ಗೊತ್ತಾದ ಮೇಲೆ ನನ್ನ ಮೊದಲ ಕಿರುಪುಸ್ತಕಕ್ಕೆ ಫಾಂಟ್ ಆರಿಸಿದೆ. ಉದ್ದದ ಬರಹ ಇತ್ತು, ಜೊತೆಗೆ ಅಂಕಿಗಳ ಕೋಷ್ಟಕ ಜಾಸ್ತಿ ಇತ್ತು. ಈ ಸಲ 150 ಪಾಯಿಂಟ್ ಬಿಟ್ಟು 10 ಪಾಯಿಂಟ್‌ನಲ್ಲಿ ಒಂದೊಂದು ಪ್ಯಾರಾ ಪ್ರಿಂಟ್ ತೆಗೆದೆ. ಬೊಡೊನಿಯ ತೆಳುಗೆರೆಗಳು ಅಲ್ಲಲ್ಲಿ ಮಾಯವಾಗಿ, ಸಾಲು ಬರೀ ಕಡ್ಡಿಗಳಂತೆ ಕಂಡಿತು. ಜಾರ್ಜಿಯಾ ಓದಲು ಹಿತವಾಗಿತ್ತು, ಆದರೆ ಅದರ 3, 4, 5, 7, 9 ಸಾಲಿನಿಂದ ಕೆಳಗಿಳಿಯುತ್ತವೆ. ವಾಕ್ಯದ ನಡುವೆ ಅದು ಚಂದ, ಕೋಷ್ಟಕದಲ್ಲಿ ಕಣ್ಣು ತಡವರಿಸುತ್ತದೆ. ಟೈಮ್ಸ್ ನ್ಯೂ ರೋಮನ್‌ನ ಅಂಕಿಗಳು ಒಂದೇ ಎತ್ತರ. ಬರಹಕ್ಕೆ ಅದನ್ನೇ ಇಟ್ಟುಕೊಂಡೆ.

ಶೀರ್ಷಿಕೆಗೆ ರಾಕ್‌ವೆಲ್ ಹಾಕಿದೆ. ಇನ್ನೊಂದು ಸೆರಿಫ್ ಹಾಕಿದ್ದರೆ ಎರಡೂ ಹತ್ತಿರ ಹತ್ತಿರ ಕಂಡು, ಫಾಂಟ್ ತಪ್ಪಿ ಬದಲಾಗಿದೆಯೇನೋ ಅನ್ನಿಸುತ್ತಿತ್ತು. ಸ್ಕ್ರಿಪ್ಟ್ ಬಳಸಿದ್ದು ಮುಖಪುಟದ ಹೆಸರಿಗೆ ಮಾತ್ರ. ಅಲ್ಲೂ ಎರಡು ಎಚ್ಚರ ಬೇಕು. ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಡಿ, ಸ್ಕ್ರಿಪ್ಟ್‌ನ ದೊಡ್ಡಕ್ಷರಗಳು ಪಕ್ಕಪಕ್ಕ ನಿಲ್ಲಲು ಮಾಡಿದವಲ್ಲ. ಅಕ್ಷರಗಳ ನಡುವಿನ ಜಾಗವನ್ನೂ ಹೆಚ್ಚಿಸಬೇಡಿ, ತಾಗಿಕೊಂಡ ಬಾಲಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ.