ಎಪ್ಪತ್ತೈದು ದಿನ ಎಂದು ಹೇಳುವ ಮುನ್ನ: ಮನೆ ಮುಗಿಯುವ ದಿನವನ್ನು ನಾನು ಅಂದಾಜು ಮಾಡಿದ ಬಗೆ

ಹಾಸನದ ಹೊರವಲಯದಲ್ಲಿ ಒಂದು ಅಂತಸ್ತಿನ ಮನೆಯ ತಾರಸಿ ಮುಗಿದಿತ್ತು. ಬಾಗಿಲು, ಕಿಟಕಿಗಳ ಚೌಕಟ್ಟುಗಳನ್ನು ಕೂರಿಸಿದ್ದೆವು. ಉಳಿದ ಕೆಲಸವನ್ನು ಜುಲೈ ಮೂರನೆಯ ವಾರ ಆರಂಭಿಸುವುದಿತ್ತು. ಗೃಹಪ್ರವೇಶಕ್ಕೆ ಯಾವ ತಿಂಗಳಿನ ಮುಹೂರ್ತ ನೋಡಿಸಬೇಕೆಂದು ಮನೆಯ ಯಜಮಾನರು ಕೇಳಿದಾಗ, ನಾನು ಪ್ರತಿ ಕೆಲಸದ ದಿನಗಳನ್ನು ಕೂಡಿ ಎಪ್ಪತ್ತೈದು ಕೆಲಸದ ದಿನಗಳೆಂದು ಲೆಕ್ಕ ಹಾಕಿದೆ. ಹಿಂದಿನ ಮನೆಗಳಲ್ಲಿ ಇಂಥದೇ ಲೆಕ್ಕ ಪ್ರತಿ ಸಲವೂ ತಪ್ಪಿದ್ದರಿಂದ ಈ ಬಾರಿ ಆ ಸಂಖ್ಯೆಯನ್ನು ಅವರಿಗೆ ಹೇಳದೆ, ಮೊದಲು ಸಿಮ್ಯುಲೇಶನ್ ಮಾಡಿ ನೋಡಿದೆ. ಅಂದರೆ, ಅದೇ ಮನೆಯನ್ನು ಸ್ಪ್ರೆಡ್‌ಶೀಟಿನಲ್ಲಿ ಸಾವಿರ ಸಲ ಕಟ್ಟಿ ಮುಗಿಸಿ, ಎಷ್ಟು ಸಲ ಎಷ್ಟು ದಿನ ಹಿಡಿಯಿತೆಂದು ಎಣಿಸಿದೆ.

ಉಳಿದ ಕೆಲಸಗಳು ಆರು. ಗೋಡೆ ಕೊರೆದು ವೈರಿಂಗ್ ಮತ್ತು ನೀರಿನ ಪೈಪು ಹಾಕುವುದು, ಪ್ಲಾಸ್ಟರಿಂಗ್, ನೆಲದ ಟೈಲ್ಸ್ ಇವು ಮೂರೂ ಒಂದರ ನಂತರ ಒಂದು ನಡೆಯಬೇಕು. ಬಾಗಿಲು ಮತ್ತು ವಾರ್ಡ್‌ರೋಬ್‌ಗಳ ಮರಗೆಲಸ ಮೊದಲ ದಿನದಿಂದಲೇ ಬೇರೆಯಾಗಿ ನಡೆಯುತ್ತದೆ. ಇವೆಲ್ಲ ಮುಗಿದ ಮೇಲೆ ಬಣ್ಣ, ಕೊನೆಗೆ ಸ್ವಿಚ್ಚು, ನಲ್ಲಿಗಳ ಫಿಟ್ಟಿಂಗ್.

ಪ್ರತಿ ಕೆಲಸಕ್ಕೂ ಮೂರು ಸಂಖ್ಯೆಗಳು ಬೇಕು: ಎಲ್ಲವೂ ಕೂಡಿಬಂದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. ಇವನ್ನು ಕೇಳಿ ಪಡೆಯುವುದೇ ಅತ್ಯಂತ ಕಷ್ಟದ ಭಾಗವೆಂದು ನನ್ನ ಅಭಿಪ್ರಾಯ. ಪ್ಲಾಸ್ಟರಿಂಗ್ ಮೇಸ್ತ್ರಿಯವರನ್ನು ಕೇಳಿದರೆ ಥಟ್ಟನೆ ಬಂದ ಉತ್ತರ "ಇಪ್ಪತ್ತೈದು ದಿನ ಸಾಕು ಸಾರ್" ಎಂಬುದು. ಅದಾದ ಮೇಲೆ ಕೆಟ್ಟರೆ ಎಷ್ಟು ಎಂದು ಕೇಳಿದಾಗ, ಆ ಇಪ್ಪತ್ತೈದಕ್ಕೇ ಅಂಟಿಕೊಂಡು ಇಪ್ಪತ್ತೆಂಟು ಎಂದರು. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿ, ಈಚೆಗೆ ಮಾಡಿದ ಮನೆಗಳಲ್ಲಿ ಯಾವುದು ಹೆಚ್ಚು ಎಳೆಯಿತು, ಏಕೆ ಎಂದು ಕೇಳಿದೆ. ಮರಳು ಬರದೆ ನಿಂತದ್ದು, ಹಬ್ಬಕ್ಕೆ ಊರಿಗೆ ಹೋದ ಕೆಲಸಗಾರರು ಎರಡು ವಾರ ಮರಳದೆ ಇದ್ದದ್ದು ಎಲ್ಲವೂ ಆಗ ಹೊರಬಂದು, ಕೊನೆಯ ಸಂಖ್ಯೆ ನಲವತ್ತಕ್ಕೆ ಏರಿತು. ಹೀಗೆ ಸಿಕ್ಕ ಅಂದಾಜುಗಳು ಇವು: ಪೈಪು 8, 10, 18; ಪ್ಲಾಸ್ಟರಿಂಗ್ 20, 25, 40; ಟೈಲ್ಸ್ 12, 15, 27; ಮರಗೆಲಸ 35, 50, 80; ಬಣ್ಣ 14, 18, 30; ಫಿಟ್ಟಿಂಗ್ 5, 7, 12.

ಈ ಆರನ್ನು B ಇಂದ G ವರೆಗಿನ ಕಾಲಂಗಳಲ್ಲಿಟ್ಟು, ಮೂರು ಸಂಖ್ಯೆಗಳನ್ನು 2, 3 ಮತ್ತು 4ನೆಯ ಸಾಲುಗಳಲ್ಲಿ ಬರೆದೆ. H ಇಂದ M ವರೆಗೆ, 6ನೆಯ ಸಾಲಿನಿಂದ 1005ರವರೆಗೆ `=RAND()` ತುಂಬಿದೆ. ಇದು ಸೊನ್ನೆಗೂ ಒಂದಕ್ಕೂ ನಡುವಿನ ಯಾವುದೋ ಒಂದು ಸಂಖ್ಯೆಯನ್ನು ಕೊಡುತ್ತದೆ. ಅದನ್ನು ದಿನಗಳಾಗಿ ಬದಲಿಸುವ ಸೂತ್ರವನ್ನು B6ರಲ್ಲಿ ಬರೆದು, G ವರೆಗೂ ಕೆಳಗಿನ ಸಾಲುಗಳಿಗೂ ನಕಲಿಸಿದೆ:

```
=IF(H6<(B$3-B$2)/(B$4-B$2),
 B$2+SQRT(H6*(B$4-B$2)*(B$3-B$2)),
 B$4-SQRT((1-H6)*(B$4-B$2)*(B$4-B$3)))
```

ಸಾಮಾನ್ಯ ಸಂಖ್ಯೆಯ ಹತ್ತಿರದ ದಿನಗಳು ಹೆಚ್ಚು ಸಲ, ಎರಡು ತುದಿಗಳ ದಿನಗಳು ಅಪರೂಪಕ್ಕೆ ಬರುವಂತೆ ಮಾಡುವುದಷ್ಟೇ ಇದರ ಕೆಲಸ. ಮೊದಲ ಸಲ ನಾನು H6 ಇರುವ ಜಾಗಗಳಲ್ಲೆಲ್ಲ ನೇರವಾಗಿ `RAND()` ಎಂದೇ ಬರೆದು ಮೋಸಹೋಗಿದ್ದೆ. ಹಾಗೆ ಬರೆದರೆ ಒಂದೇ ಸೂತ್ರದೊಳಗೆ ಬೇರೆಬೇರೆ ಸಂಖ್ಯೆಗಳು ಹುಟ್ಟಿ, ತೀರಾ ಕಡಿಮೆ ಮತ್ತು ತೀರಾ ಹೆಚ್ಚಿನ ದಿನಗಳು ಬರಬೇಕಾದಷ್ಟು ಸಲ ಬರುವುದಿಲ್ಲ. ಸರಾಸರಿ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪ್ಲಾಸ್ಟರಿಂಗ್ ಕಾಲಂನಲ್ಲಿ 22ಕ್ಕಿಂತ ಕಡಿಮೆ ದಿನಗಳು ಸಾವಿರದಲ್ಲಿ ಸುಮಾರು ನಲವತ್ತು ಸಲ ಬರಬೇಕು. ನನಗೆ ಹತ್ತರ ಆಸುಪಾಸು ಮಾತ್ರ ಬಂದಾಗ ತಪ್ಪು ತಿಳಿಯಿತು.

ಒಟ್ಟು ದಿನಗಳ ಲೆಕ್ಕ N ಕಾಲಂನಲ್ಲಿ:

```
=MAX(B6+C6+D6,E6)+F6+G6
```

ಇಲ್ಲಿರುವ MAX ಮುಖ್ಯ. ಪೈಪಿನಿಂದ ಟೈಲ್ಸ್‌ವರೆಗಿನ ಗಾರೆಯವರ ಕೆಲಸ, ಮರಗೆಲಸ ಇವೆರಡರಲ್ಲಿ ಯಾವುದು ತಡವೋ ಅದು ಮುಗಿಯುವವರೆಗೆ ಬಣ್ಣದವರು ಕಾಯಲೇಬೇಕು.

ಫಲಿತಾಂಶವನ್ನು ಕಂಡು ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸಾವಿರ ಸಲ ಕಟ್ಟಿದ ಮನೆ ಎಪ್ಪತ್ತೈದು ದಿನಗಳೊಳಗೆ ಮುಗಿದದ್ದು ಸುಮಾರು ಹತ್ತು ಸಲ ಮಾತ್ರ. ಅರ್ಧದಷ್ಟು ಸಲ ತೊಂಬತ್ತು ದಿನಗಳೊಳಗೆ ಮುಗಿದಿತ್ತು. `=PERCENTILE(N6:N1005,0.8)` ಎಂದು ಕೇಳಿದರೆ 96 ಬಂತು. ಅಂದರೆ ಹತ್ತರಲ್ಲಿ ಎಂಟು ಸಲ 96 ದಿನಗಳೊಳಗೆ ಕೆಲಸ ಮುಗಿದಿತ್ತು. ಶೀಟ್ ಮರುಲೆಕ್ಕ ಮಾಡಿದಾಗಲೆಲ್ಲ ಈ ಸಂಖ್ಯೆ ಅರ್ಧ ದಿನದಷ್ಟು ಅತ್ತಿತ್ತ ಸರಿಯುವುದು ಸಹಜ.

ಕಾರಣವನ್ನು ಹುಡುಕಿದಾಗ ಅದು ಮೂರು ಸಂಖ್ಯೆಗಳಲ್ಲೇ ಇತ್ತು. ಪ್ಲಾಸ್ಟರಿಂಗ್ ಬೇಗ ಮುಗಿದರೆ ಉಳಿಯುವುದು ಐದು ದಿನ, ಕೆಟ್ಟರೆ ಹೋಗುವುದು ಹದಿನೈದು ದಿನ; ಉಳಿದವುಗಳದ್ದೂ ಇದೇ ಬಗೆ. ಹೀಗಾಗಿ ಪ್ಲಾಸ್ಟರಿಂಗ್ ತನ್ನ ಇಪ್ಪತ್ತೈದು ದಿನಗಳೊಳಗೆ ಮುಗಿಯುವುದು ನಾಲ್ಕರಲ್ಲಿ ಒಂದು ಸಲ, ಟೈಲ್ಸ್ ಐದರಲ್ಲಿ ಒಂದು ಸಲ, ಮರಗೆಲಸ ಮೂರರಲ್ಲಿ ಒಂದು ಸಲ. ಇವೆಲ್ಲ ಒಟ್ಟಿಗೆ ಕೂಡಿಬರುವ ಸಂಭವ ತೀರಾ ಕಡಿಮೆ. ಅಲ್ಲದೆ ಗಾರೆಯವರು ಬೇಗ ಮುಗಿಸಿದ ದಿನಗಳು, ಮರಗೆಲಸ ತಡವಾದರೆ ಯಾರ ಉಪಯೋಗಕ್ಕೂ ಬಾರದೆ ಕಳೆದುಹೋಗುತ್ತವೆ. ತಡವಾದ ದಿನಗಳು ಮಾತ್ರ ಪೂರ್ತಿಯಾಗಿ ಮುಂದಕ್ಕೆ ಸಾಗುತ್ತವೆ. ಬಣ್ಣದವರನ್ನು ಕಾಯಿಸಿದ್ದು ಯಾವುದೆಂದು ಎಣಿಸಿದರೆ, ನೂರಕ್ಕೆ ಸುಮಾರು 38 ಸಲ ಅದು ಮರಗೆಲಸವಾಗಿತ್ತು. ಮರಗೆಲಸವನ್ನು ಹತ್ತು ದಿನ ಮೊದಲೇ ಆರಂಭಿಸಿದರೆ ಏನಾಗುತ್ತದೆಂದು E6ರಿಂದ ಹತ್ತು ಕಳೆದು ನೋಡಿದೆ. 96 ದಿನ 93ಕ್ಕೆ ಇಳಿಯಿತು. ಹತ್ತು ದಿನದ ಪ್ರಯತ್ನಕ್ಕೆ ಮೂರು ದಿನದ ಲಾಭವಾದ್ದರಿಂದ, ಆ ಸಲ ಬಡಗಿಯವರನ್ನು ಅವಸರಪಡಿಸಲಿಲ್ಲ.

ಇಷ್ಟಾದರೂ ಒಂದು ದೊಡ್ಡ ಕೊರತೆ ಉಳಿದಿತ್ತು. ಈ ಲೆಕ್ಕದಲ್ಲಿ ಒಂದು ಕೆಲಸದ ತಡಕ್ಕೂ ಇನ್ನೊಂದರ ತಡಕ್ಕೂ ಸಂಬಂಧವಿಲ್ಲ. ಆದ್ದರಿಂದ ಒಂದರ ನಷ್ಟವನ್ನು ಇನ್ನೊಂದರ ಲಾಭ ತುಂಬಿಬಿಡುತ್ತದೆ. ಆದರೆ ಮಳೆ ಹಿಡಿದರೆ ಹೊರಗೋಡೆಯ ಪ್ಲಾಸ್ಟರಿಂಗ್ ನಿಲ್ಲುತ್ತದೆ, ಗೋಡೆ ಒಣಗದೆ ಪುಟ್ಟಿ, ಬಣ್ಣಗಳೂ ನಿಲ್ಲುತ್ತವೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಮೂರು ವರ್ಷ ಹೀಗಾಗಿ, ಎರಡೂ ಕೆಲಸಗಳು ಕಾಲುಭಾಗದಷ್ಟು ಹೆಚ್ಚು ಎಳೆದಿವೆ. ಅದಕ್ಕಾಗಿ O ಕಾಲಂನಲ್ಲಿ ಇಡೀ ಸಾಲಿಗೆ ಒಂದೇ ಮಳೆಯನ್ನು ಇಟ್ಟೆ: `=IF(RAND()<0.3,1.25,1)`. N ಕಾಲಂನ ಸೂತ್ರದಲ್ಲಿ C6 ಮತ್ತು F6 ಎರಡನ್ನೂ O6ರಿಂದ ಗುಣಿಸಿದೆ. ಹತ್ತರಲ್ಲಿ ಎಂಟರ ಸಂಖ್ಯೆ 96ರಿಂದ ನೂರಕ್ಕೆ ಏರಿತು, ಹತ್ತರಲ್ಲಿ ಒಂಬತ್ತರದು 105ಕ್ಕೆ.

ವಾರಕ್ಕೆ ಆರು ದಿನ ಕೆಲಸವೆಂದು ಹಿಡಿದು, ಗೌರಿ ಗಣೇಶ, ದಸರಾ, ದೀಪಾವಳಿಗಳ ರಜೆ ಸೇರಿಸಿದರೆ ನೂರು ಕೆಲಸದ ದಿನಗಳು ನವೆಂಬರ್ ಮೂರನೆಯ ವಾರಕ್ಕೆ ಮುಗಿಯುತ್ತವೆ. ಯಜಮಾನರಿಗೆ ಒಂದೇ ದಿನಾಂಕ ಕೊಡದೆ, ಅಕ್ಟೋಬರ್‌ನಲ್ಲಿ ಮುಹೂರ್ತವಿಟ್ಟರೆ ಮುಗಿಯುವ ಭರವಸೆ ತೀರಾ ಕಡಿಮೆಯೆಂದೂ, ನವೆಂಬರ್ ಕೊನೆಯ ವಾರವಾದರೆ ಹತ್ತರಲ್ಲಿ ಎಂಟೊಂಬತ್ತು ಪಾಲು ಭರವಸೆ ಇದೆಯೆಂದೂ ಹೇಳಿದೆ. ಅವರು ಕೊನೆಯ ವಾರವನ್ನೇ ಆರಿಸಿಕೊಂಡರು.

ಕೆಲಸ 97 ದಿನ ಹಿಡಿಯಿತು. ಪೈಪು 11, ಪ್ಲಾಸ್ಟರಿಂಗ್ 36, ಟೈಲ್ಸ್ 17 ಸೇರಿ 64 ದಿನವಾದರೆ, ಮರಗೆಲಸ 61ನೆಯ ದಿನ ಮುಗಿದಿತ್ತು. ಬಣ್ಣ 24, ಫಿಟ್ಟಿಂಗ್ 9. ಒಂದು ಮನೆ ಲೆಕ್ಕದೊಳಗೆ ಮುಗಿದ ಮಾತ್ರಕ್ಕೆ ಲೆಕ್ಕ ಸರಿಯೆಂದಾಗುವುದಿಲ್ಲ. ಆಮೇಲೆ ಇದೇ ರೀತಿ ಇನ್ನೂ ನಾಲ್ಕು ಮನೆಗಳಿಗೆ ದಿನ ಹೇಳಿದ್ದೇನೆ. ಅವುಗಳಲ್ಲಿ ಒಂದು ತಪ್ಪಿತು. ಟೈಲ್ಸ್ ಹಾಕಿದ ಮೇಲೆ ಮನೆಯವರು ಅಡುಗೆಮನೆಯ ಕಟ್ಟೆಯ ಜಾಗ ಬದಲಿಸಿದರು, ಪೈಪನ್ನು ಮತ್ತೆ ಒಡೆದು ಹಾಕಬೇಕಾಯಿತು. ಅಂಥ ಕೆಲಸ ನನ್ನ ಪಟ್ಟಿಯಲ್ಲೇ ಇರಲಿಲ್ಲವಾದ್ದರಿಂದ, ಸಾವಿರ ಸಲದಲ್ಲಿ ಒಂದು ಸಲವೂ ಅದು ಬರುವಂತಿರಲಿಲ್ಲ. ಈಗ "ಒಡೆದು ಮರಳಿ ಕಟ್ಟುವುದು" ಎಂಬ ಏಳನೆಯ ಕಾಲಂ ಸೇರಿಸಿದ್ದೇನೆ. ಹೆಚ್ಚಿನ ಸಾಲುಗಳಲ್ಲಿ ಅದರ ಬೆಲೆ ಸೊನ್ನೆ. ಐದರಲ್ಲಿ ಒಂದು ಸಾಲಿನಲ್ಲಿ ಹನ್ನೆರಡು ದಿನ.