ತಡವಾದ ಶುಭಾಶಯದಲ್ಲಿ ಒಂದೇ ಒಂದು ‘ಸಾರಿ’

ಹೋದ ವರ್ಷ ಗೆಳತಿಯ ಹುಟ್ಟುಹಬ್ಬ ಮರೆತೇಬಿಟ್ಟಿದ್ದೆ. ನೆನಪಾಗಿದ್ದು 4 ದಿನ ಕಳೆದ ಮೇಲೆ, ರಾತ್ರಿ ಹಲ್ಲುಜ್ಜುವಾಗ. ಬಾಯಿ ತೊಳೆದವಳೇ ಫೋನ್ ಎತ್ತಿಕೊಂಡು ಹೀಗೆ ಬರೆದೆ:

“ಅಯ್ಯೋ ಸಾರಿ ಸಾರಿ ಕಣೇ! ಅದು ಹೇಗೆ ಮರೆತೆನೋ ಗೊತ್ತಿಲ್ಲ. ಒಂದು ವಾರದಿಂದ ಆಫೀಸಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ. ನನ್ನಂಥ ಫ್ರೆಂಡ್ ಯಾರಿಗೂ ಬೇಡ. ಪ್ಲೀಸ್ ಬೇಜಾರು ಮಾಡ್ಕೋಬೇಡ. ಹ್ಯಾಪಿ ಬರ್ತ್‌ಡೇ!”

ತಕ್ಷಣ ಉತ್ತರ ಬಂತು: “ಪರವಾಗಿಲ್ಲ ಬಿಡೇ, ಹಾಗೆಲ್ಲ ಅಂದ್ಕೋಬೇಡ. ಕೆಲಸ ಅಷ್ಟೊಂದು ಜಾಸ್ತಿನಾ? ಆರೋಗ್ಯ ನೋಡ್ಕೋ.”

ಓದಿ ನಾಚಿಕೆಯಾಯಿತು. ಹುಟ್ಟುಹಬ್ಬ ಅವಳದು, ಸಮಾಧಾನ ಮಾಡಿಸಿಕೊಂಡಿದ್ದು ನಾನು! ಎಣಿಸಿ ನೋಡಿದರೆ ಆರು ವಾಕ್ಯದಲ್ಲಿ ಐದು ನನ್ನ ಗೋಳೇ.

ಕೆಲವು ತಿಂಗಳ ಮೇಲೆ ಇನ್ನೊಬ್ಬ ಗೆಳೆಯನದೂ ಮರೆತೆ. (ಮರೆಯೋದರಲ್ಲಿ ನಾನು ಗಟ್ಟಿಗಿತ್ತಿ.) ಈ ಸಲವೂ ಕೈ ಮೊದಲು ನೆಪವನ್ನೇ ಬರೆಯಿತು. ಅದನ್ನು ಅಳಿಸಿ, ಶುಭಾಶಯದಿಂದ ಶುರು ಮಾಡಿದೆ:

“ಹುಟ್ಟುಹಬ್ಬದ ಶುಭಾಶಯ ಕಣೋ. ಮಂಗಳವಾರವೇ ಹೇಳಬೇಕಿತ್ತು, ಮರೆತೆ, ಸಾರಿ. ಈಜು ಕಲಿಯೋಕೆ ಸೇರಿದ್ದೀಯಲ್ಲ, ನೀರಿನ ಭಯ ಹೋಯ್ತಾ?”

‘ಸಾರಿ’ಯನ್ನು ಬೇಕಂತಲೇ ನಡುವೆ ಇಟ್ಟೆ. ಮೊದಲೇ ಇಟ್ಟರೆ ಇಡೀ ಮೆಸೇಜೇ ಕ್ಷಮಾಪಣೆ ಪತ್ರದ ಥರ ಕಾಣುತ್ತದೆ. ಕೊನೆಯಲ್ಲಿ ಇಟ್ಟರೂ ಕಷ್ಟ. ಜನ ಸಾಮಾನ್ಯವಾಗಿ ಉತ್ತರ ಕೊಡೋದು ಕೊನೆಯ ಸಾಲಿಗೆ ಅಲ್ವಾ? ಅಲ್ಲಿ ‘ಸಾರಿ’ ಇದ್ದರೆ ‘ಪರವಾಗಿಲ್ಲ’ ಅಂತಲೇ ಬರುತ್ತದೆ. ಅದಕ್ಕೇ ಕೊನೆಯಲ್ಲಿ ಅವನ ಬಗ್ಗೆ ಒಂದು ಪ್ರಶ್ನೆ. ಅದೂ ಅವನಿಗೆ ಮಾತ್ರ ಕೇಳಬಹುದಾದ ಪ್ರಶ್ನೆ. ಸುಮ್ನೆ “ಹೇಗಿದ್ದೀಯಾ” ಅಂದರೆ “ಚೆನ್ನಾಗಿದ್ದೀನಿ” ಅನ್ನುವಲ್ಲಿಗೆ ಮುಗಿಯುತ್ತದೆ.

ಅವನ ಉತ್ತರ: “ಭಯ ಎಲ್ಲ ಹೋಯ್ತು! ಆದರೆ ಮೂಗಿಗೆ ನೀರು ಹೋಗೋದು ಇನ್ನೂ ನಿಂತಿಲ್ಲ.” ಮಂಗಳವಾರದ ಸುದ್ದಿಯೇ ಇಲ್ಲ. ಮೆಸೇಜ್ ಸರಿಯಾಗಿತ್ತೋ ಇಲ್ಲವೋ ಅಂತ ನಾನು ತಿಳಿಯೋದು ಹೀಗೆಯೇ, ಬಂದ ಉತ್ತರದಲ್ಲಿ ‘ಪರವಾಗಿಲ್ಲ’ ಇದೆಯಾ ಅಂತ ನೋಡಿ.

‘ಮರೆತೆ’ ಅನ್ನೋದನ್ನು ಮಾತ್ರ ಮುಚ್ಚಿಡುವುದಿಲ್ಲ. ಏನೂ ಆಗದವಳ ಹಾಗೆ ತಡವಾಗಿ ಶುಭಾಶಯ ಹೇಳಿದರೆ, ದಿನವೇ ತಪ್ಪು ತಿಳಿದಿದ್ದಾಳೆ ಅಂದುಕೊಳ್ಳುತ್ತಾರೆ. ನೆಟ್‌ವರ್ಕ್ ಇರಲಿಲ್ಲ ಅಂತ ಬರೆಯೋದಂತೂ ಬೇಡವೇ ಬೇಡ. ಅದೇ ದಿನ ನಾನು ಹಾಕಿದ ಸ್ಟೇಟಸ್ ಅವರೂ ನೋಡಿರುತ್ತಾರೆ.

ಆದರೆ ಫೋನಿಗೆ ಕಾದು ಕೂತವರಿಗೆ ಈ ಮೂರು ಸಾಲು ಸಾಲದು. ಅಕ್ಕನದನ್ನು ಮರೆತಾಗ ಮೆಸೇಜ್ ಮಾಡಲೇ ಇಲ್ಲ, ಫೋನ್ ಮಾಡಿದೆ. “ಅಕ್ಕಾ, ಮರೆತೆ. ತಪ್ಪಾಯ್ತು” ಅಂದು ಸುಮ್ಮನಾದೆ. ಎರಡು ನಿಮಿಷ ಚೆನ್ನಾಗಿ ಬೈದಳು. ಆಮೇಲೆ ತಾನಾಗಿಯೇ, ಅವತ್ತು ಯಾರ್‍ಯಾರು ಬಂದಿದ್ದರು ಅಂತ ಶುರು ಮಾಡಿದಳು.